ಪರಿಕಲ್ಪನಾ ಚೌಕಟ್ಟಿನ ಚಿತ್ರ: ಸ್ವತಂತ್ರ, ಮಧ್ಯವರ್ತಿ ಮತ್ತು ಫಲಿತಾಂಶ ಚಲಕಗಳು

ಸಂಶೋಧನಾ ಪ್ರಸ್ತಾವನೆಯಲ್ಲಿ ಅಧ್ಯಯನದ ಚಲಕಗಳನ್ನು ಪೆಟ್ಟಿಗೆಗಳಲ್ಲಿ ಬರೆದು, ಯಾವುದು ಯಾವುದರ ಮೇಲೆ ಪರಿಣಾಮ ಬೀರುತ್ತದೆ ಎಂಬುದನ್ನು ಬಾಣಗಳಿಂದ ತೋರಿಸುವ ರೇಖಾಚಿತ್ರಕ್ಕೆ ಪರಿಕಲ್ಪನಾ ಚೌಕಟ್ಟಿನ ಚಿತ್ರ ಎನ್ನುತ್ತಾರೆ. ಸಾಮಾನ್ಯವಾಗಿ ಇದು ಸಾಹಿತ್ಯ ಸಮೀಕ್ಷೆ ಮುಗಿದು ಪ್ರಾಕ್ಕಲ್ಪನೆಗಳು ಆರಂಭವಾಗುವ ಜಾಗದಲ್ಲಿ ಬರುತ್ತದೆ. ಬದಲಾವಣೆ ಎಲ್ಲಿಂದ ಹೊರಡುತ್ತದೆಂದು ಸಂಶೋಧಕರು ಭಾವಿಸುತ್ತಾರೋ ಅದು ಸ್ವತಂತ್ರ ಚಲಕ. ಬದಲಾವಣೆ ಕೊನೆಗೆ ಎಲ್ಲಿ ಕಾಣಬೇಕೋ ಅದು ಫಲಿತಾಂಶ ಚಲಕ. ಮೊದಲನೆಯದರಿಂದ ತಾನು ಬದಲಾಗಿ, ಆ ಬದಲಾವಣೆಯನ್ನು ಎರಡನೆಯದಕ್ಕೆ ದಾಟಿಸುವುದು ಮಧ್ಯವರ್ತಿ ಚಲಕ. ಸಿದ್ಧಾಂತದ ಚೌಕಟ್ಟು ಒಂದು ವಿಷಯದ ಬಗ್ಗೆ ವಿದ್ವಾಂಸರು ಈವರೆಗೆ ಕಟ್ಟಿರುವ ಸಾಮಾನ್ಯ ವಿವರಣೆ. ಪರಿಕಲ್ಪನಾ ಚೌಕಟ್ಟು ಅದರಲ್ಲಿ ಈ ಒಂದು ಅಧ್ಯಯನ ಅಳೆಯಲಿರುವ ಭಾಗ ಮಾತ್ರ.

ಚಿತ್ರದ ಪ್ರತಿಯೊಂದು ಬಾಣವೂ ಒಂದು ಹೇಳಿಕೆ. ಬಾಣದ ಬುಡದಲ್ಲಿರುವುದು ಬದಲಾದರೆ ತುದಿಯಲ್ಲಿರುವುದೂ ಬದಲಾಗಬಹುದು ಎಂದು ಅದು ಹೇಳುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯುವುದು ಇದರ ಇನ್ನೊಂದು ಮುಖವನ್ನು. ಎರಡು ಪೆಟ್ಟಿಗೆಗಳ ನಡುವೆ ಬಾಣ ಇಲ್ಲದಿದ್ದರೆ ಅವುಗಳ ನಡುವೆ ನೇರ ಪರಿಣಾಮ ಸ್ವಲ್ಪವೂ ಇಲ್ಲ ಎಂದು ಹೇಳಿದಂತೆ. ಬಾಣ ಎಳೆದವರು ‘ಇರಬಹುದು’ ಎನ್ನುತ್ತಾರೆ, ಎಳೆಯದವರು ‘ಇಲ್ಲವೇ ಇಲ್ಲ’ ಎನ್ನುತ್ತಾರೆ. ಎರಡನೆಯ ಮಾತಿಗೇ ಹೆಚ್ಚು ಆಧಾರ ಬೇಕು. ಒಳ್ಳೆಯ ಚೌಕಟ್ಟನ್ನು ಅಲಂಕಾರದ ಚಿತ್ರದಿಂದ ಬೇರ್ಪಡಿಸುವುದು ಮುಖ್ಯವಾಗಿ ಈ ಅರಿವು.

ಹಿನ್ನೆಲೆ

ಬಾಣಗಳಿಂದ ಕಾರಣಗಳನ್ನು ಬರೆಯುವ ಪದ್ಧತಿ ತಳಿಶಾಸ್ತ್ರದಿಂದ ಬಂದಿತು. ಅಮೆರಿಕದ ಕೃಷಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಸೀವಾಲ್ ರೈಟ್ 1920ರಲ್ಲಿ ಗಿನಿಯಿಲಿಗಳ ಮೈಮೇಲಿನ ಬಿಳಿ ಮಚ್ಚೆಗಳಲ್ಲಿ ಅನುವಂಶಿಕತೆಯ ಪಾಲೆಷ್ಟು, ಪರಿಸರದ ಪಾಲೆಷ್ಟು ಎಂದು ಲೆಕ್ಕ ಹಾಕಲು ಇಂಥ ಚಿತ್ರ ಬಳಸಿದರು. ಮರುವರ್ಷದ ಲೇಖನದಲ್ಲಿ ಅದನ್ನೊಂದು ವಿಧಾನವಾಗಿ ವಿವರಿಸಿದರು. ಏಕಮುಖ ಬಾಣ ಕಾರಣವನ್ನು ಸೂಚಿಸುತ್ತದೆ, ಎರಡೂ ತುದಿಗೆ ಮೊನೆಯಿರುವ ಬಾಗಿದ ಗೆರೆ ವಿವರಿಸದೆ ಬಿಟ್ಟ ಸಹಸಂಬಂಧವನ್ನು ಸೂಚಿಸುತ್ತದೆ ಎಂಬ ರೂಢಿ ಅಲ್ಲಿಂದ ಇಂದಿನವರೆಗೂ ನಡೆದುಬಂದಿದೆ. ಅಂಕಿಗಳನ್ನು ನೋಡಿ ಕಾರಣಗಳನ್ನು ಕಂಡುಹಿಡಿಯಲು ಈ ಚಿತ್ರ ನೆರವಾಗುವುದಿಲ್ಲ ಎಂದು ರೈಟ್ ಆಗಲೇ ಸ್ಪಷ್ಟಪಡಿಸಿದ್ದರು. ಕಾರಣಗಳ ಬಗ್ಗೆ ಬೇರೆ ಕಡೆಯಿಂದ ಬಂದ ತಿಳಿವಳಿಕೆಯನ್ನು ಮೊದಲು ಚಿತ್ರದಲ್ಲಿ ಇಡಬೇಕು, ಆಮೇಲೆ ಅಂಕಿಗಳಿಂದ ಅದರ ಪ್ರಮಾಣ ತಿಳಿಯಬೇಕು ಎಂಬುದು ಅವರ ನಿಲುವು.

ಸಮಾಜ ವಿಜ್ಞಾನಗಳಿಗೆ ಮಧ್ಯವರ್ತಿ ಚಲಕದ ವಿಚಾರ ಗಟ್ಟಿಯಾಗಿ ಬಂದದ್ದು ಜನಸಂಖ್ಯಾ ಅಧ್ಯಯನದ ದಾರಿಯಲ್ಲಿ. ಜಾತಿ, ಧರ್ಮ, ಬಡತನದಂಥ ಸಾಮಾಜಿಕ ಕಾರಣಗಳು ಹೆರಿಗೆಯ ಸಂಖ್ಯೆಯನ್ನು ನೇರವಾಗಿ ಬದಲಿಸಲಾರವು. ಮದುವೆಯ ವಯಸ್ಸು, ಗರ್ಭನಿರೋಧಕಗಳ ಬಳಕೆ ಮುಂತಾದ 11 ನಡುವಣ ಚಲಕಗಳ ಮೂಲಕವೇ ಅವು ಕೆಲಸ ಮಾಡಬೇಕು ಎಂದು 1956ರಲ್ಲಿ ಕಿಂಗ್ಸ್ಲೆ ಡೇವಿಸ್ ಮತ್ತು ಜುಡಿತ್ ಬ್ಲೇಕ್ ವಾದಿಸಿದರು. ಹೆನ್ರಿ ಮೋಸ್ಲಿ ಮತ್ತು ಲಿಂಕನ್ ಚೆನ್ 1984ರಲ್ಲಿ ಇದೇ ತರ್ಕವನ್ನು ಮಕ್ಕಳ ಉಳಿವಿಗೆ ಅನ್ವಯಿಸಿದರು. ತಾಯಿಗೆ ಸಂಬಂಧಿಸಿದ ಅಂಶಗಳು, ಪರಿಸರದ ಮಾಲಿನ್ಯ, ಪೋಷಕಾಂಶಗಳ ಕೊರತೆ, ಗಾಯ, ರೋಗವನ್ನು ತಡೆಯುವ ಮತ್ತು ಚಿಕಿತ್ಸೆ ಕೊಡಿಸುವ ಕ್ರಮ ಎಂಬ ಐದು ಗುಂಪುಗಳನ್ನು ಹಾದೇ ಸಾಮಾಜಿಕ ಕಾರಣಗಳು ಮಗುವನ್ನು ಮುಟ್ಟುತ್ತವೆ ಎಂದು ಅವರು ತೋರಿಸಿದರು. ಅಪೌಷ್ಟಿಕತೆಯ ಕಾರಣಗಳನ್ನು ಮೂಲ, ಒಳ ಮತ್ತು ತಕ್ಷಣದ ಕಾರಣಗಳೆಂದು ಮೂರು ಹಂತಗಳಲ್ಲಿ ಜೋಡಿಸಿದ ಯುನಿಸೆಫ್‌ನ 1990ರ ಚಿತ್ರವೂ ಇದೇ ಮನೆತನದ್ದು.

ಕರ್ನಾಟಕಕ್ಕೂ ಈ ಕಥೆಗೂ ನಿಜವಾದ ನಂಟಿದೆ. ತಾಯಿಯ ಶಾಲಾ ಶಿಕ್ಷಣ ಮನೆಯ ಸಿರಿತನದ ಇನ್ನೊಂದು ಹೆಸರಲ್ಲ, ಮಕ್ಕಳ ಸಾವನ್ನು ತಗ್ಗಿಸುವ ಸ್ವಂತ ಶಕ್ತಿ ಅದಕ್ಕಿದೆ ಎಂದು ಜಾನ್ ಕಾಲ್ಡ್‌ವೆಲ್ 1979ರಲ್ಲಿ ನೈಜೀರಿಯಾದ ಮಾಹಿತಿಯಿಂದ ವಾದಿಸಿದ್ದರು. ಮುಂದೆ ಅವರು ಬೆಂಗಳೂರಿನ ಪಿ. ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಅವರೊಂದಿಗೆ ಗ್ರಾಮೀಣ ಕರ್ನಾಟಕದಲ್ಲಿ ಹಳ್ಳಿಗಳೊಳಗೆ ಕುಳಿತು ಸಂಶೋಧನೆ ನಡೆಸಿದರು. ಅದರ ಫಲ 1983ರ ಲೇಖನದಲ್ಲೂ 1988ರ ಪುಸ್ತಕದಲ್ಲೂ ಪ್ರಕಟವಾಯಿತು. ಓದಿದ ಸೊಸೆಗೆ ಮನೆಯಲ್ಲಿ ಯಾವ ಮಾತು ಸಲ್ಲುತ್ತದೆ, ಮಗುವಿಗೆ ಜ್ವರ ಬಂದಾಗ ಆಸ್ಪತ್ರೆಗೆ ಹೋಗಬೇಕೆಂದು ಯಾರು ನಿರ್ಧರಿಸುತ್ತಾರೆ ಎಂಬ ಪ್ರಶ್ನೆಗಳು ಮಧ್ಯವರ್ತಿ ಚಲಕಗಳಾದದ್ದು ಇಂಥ ಅಧ್ಯಯನಗಳಿಂದ. ಹಾಗಾಗಿ ಇಲ್ಲಿ ವಿವರಿಸುವ ಉದಾಹರಣೆಯನ್ನೂ ಇದೇ ವಸ್ತುವಿನಿಂದ ಆರಿಸಿದೆ.

ಒಂದು ಚಿತ್ರ ರೂಪುಗೊಳ್ಳುವ ಬಗೆ

ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ‘ತಾಯಿಯ ಶಿಕ್ಷಣ ಮತ್ತು ಮಗುವಿನ ಬೆಳವಣಿಗೆ’ ಎಂಬ ವಿಷಯದ ಮೇಲೆ ಪಿಎಚ್.ಡಿ. ಮಾಡಬಯಸುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ವಿಷಯಕ್ಕೆ ತೂಕವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ 35.4% ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಅವಳ ಮೊದಲ ಕರಡಿನ ಎಡಗಡೆ ‘ಸಾಮಾಜಿಕ-ಆರ್ಥಿಕ ಅಂಶಗಳು’, ನಡುವೆ ‘ಅರಿವು, ಮನೋಭಾವ, ಸಬಲೀಕರಣ’, ಬಲಗಡೆ ‘ಮಗುವಿನ ಆರೋಗ್ಯ’ ಎಂಬ ಮೂರು ದೊಡ್ಡ ಪೆಟ್ಟಿಗೆಗಳಿವೆ, ನಡುವೆ ಎರಡು ದಪ್ಪ ಬಾಣಗಳಿವೆ. ಪ್ರಸ್ತಾವನೆಗಳಲ್ಲಿ ಅತಿ ಹೆಚ್ಚು ಕಾಣುವ ಚಿತ್ರ ಇದೇ. ಈ ಪೆಟ್ಟಿಗೆಗಳಲ್ಲಿ ಇರುವುದು ಅಧ್ಯಾಯದ ಶೀರ್ಷಿಕೆಗಳು, ಚಲಕಗಳಲ್ಲ. ಹೀಗಾಗಿ ಈ ಚಿತ್ರ ಏನನ್ನೂ ಹೇಳುವುದಿಲ್ಲ. ಚಲಕ ಎಂದರೆ ಒಬ್ಬ ತಾಯಿಗೆ ಅಥವಾ ಒಂದು ಮಗುವಿಗೆ ಒಂದು ಬೆಲೆಯನ್ನು ಬರೆಯಬಲ್ಲ ಅಳತೆ. ‘ಮಗುವಿನ ಆರೋಗ್ಯ’ದ ಮುಂದೆ ಯಾವ ಅಂಕಿ ಬರೆಯುತ್ತೀರಿ ಎಂದು ಮಾರ್ಗದರ್ಶಕರು ಕೇಳಿದರೆ ಉತ್ತರವಿಲ್ಲ.

ಚಿತ್ರವನ್ನು ಬಲಗಡೆಯಿಂದ, ಅಂದರೆ ಫಲಿತಾಂಶದಿಂದ ಶುರುಮಾಡುವುದು ಲೇಸು. ವಿದ್ಯಾರ್ಥಿನಿ ‘ಮಗುವಿನ ಆರೋಗ್ಯ’ವನ್ನು ಅಳಿಸಿ ‘18ನೇ ತಿಂಗಳಲ್ಲಿ ವಯಸ್ಸಿಗೆ ತಕ್ಕ ಉದ್ದದ Z ಅಂಕ’ ಎಂದು ಬರೆಯುತ್ತಾಳೆ. ಎರಡು ವರ್ಷದೊಳಗಿನ ಮಕ್ಕಳನ್ನು ಮಲಗಿಸಿ ಅಳೆಯುವುದರಿಂದ ಅದು ಎತ್ತರವಲ್ಲ, ಉದ್ದ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲಿ ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಮಧ್ಯಮ ಅಳತೆಗಿಂತ ಮಗು ಎಷ್ಟು ದೂರದಲ್ಲಿದೆ ಎಂಬುದನ್ನು Z ಅಂಕ ತಿಳಿಸುತ್ತದೆ. ಅದು -2ಕ್ಕಿಂತ ಕೆಳಗಿಳಿದರೆ ಮಗುವಿನ ಬೆಳವಣಿಗೆ ಕುಂಠಿತವಾಗಿದೆ ಎಂದು ಲೆಕ್ಕ. ಎಡಗಡೆಯ ಪೆಟ್ಟಿಗೆಯೂ ಹೀಗೆಯೇ ಕಿರಿದಾಗುತ್ತದೆ. ‘ಸಾಮಾಜಿಕ-ಆರ್ಥಿಕ ಅಂಶಗಳು’ ಹೋಗಿ ‘ತಾಯಿ ಪೂರೈಸಿದ ಶಾಲಾ ತರಗತಿಗಳು’ ಬರುತ್ತದೆ.

ಉಳಿದದ್ದು ನಡುವಿನ ಪೆಟ್ಟಿಗೆ. ಹೆಚ್ಚು ಯೋಚನೆ ಬೇಡುವುದೂ ಇದೇ. ಮಧ್ಯವರ್ತಿ ಎನಿಸಿಕೊಳ್ಳಬೇಕಾದ ಚಲಕ ಸ್ವತಂತ್ರ ಚಲಕದ ನಂತರ, ಫಲಿತಾಂಶಕ್ಕಿಂತ ಮೊದಲು ನಡೆಯಬೇಕು. ಮೊದಲನೆಯದು ಅದನ್ನು ಬದಲಿಸಬಲ್ಲದು ಎಂಬುದಕ್ಕೆ ಒಂದು ಕಾರಣ, ಅದು ಕೊನೆಯದನ್ನು ಬದಲಿಸಬಲ್ಲದು ಎಂಬುದಕ್ಕೆ ಇನ್ನೊಂದು ಕಾರಣ ಸಾಹಿತ್ಯ ಸಮೀಕ್ಷೆಯಲ್ಲಿ ಸಿಗಬೇಕು. ಎರಡೂ ಬಾಣಗಳಿಗೆ ಬೇರೆ ಬೇರೆ ಆಧಾರ ಬೇಕು. ಮಧ್ಯವರ್ತಿಯಾಗಬಹುದೆಂದು ವಿದ್ಯಾರ್ಥಿನಿ ಪಟ್ಟಿಮಾಡಿಕೊಂಡಿದ್ದ ‘ಜಾತಿ’ ಮೊದಲ ಪರೀಕ್ಷೆಯಲ್ಲೇ ಬೀಳುತ್ತದೆ, ಏಕೆಂದರೆ ಶಾಲೆಗೆ ಹೋದದ್ದರಿಂದ ಯಾರ ಜಾತಿಯೂ ಬದಲಾಗುವುದಿಲ್ಲ. ‘ಮನೋಭಾವ’ವನ್ನು ಅಳೆಯಬಹುದು, ಆದರೆ ಮನೋಭಾವ ಮಗುವಿನ ಮೂಳೆಯನ್ನು ಬೆಳೆಸಬೇಕಾದರೆ ನಡುವೆ ಇನ್ನೂ ಒಂದು ಕೊಂಡಿ ಬೇಕು. ಅಂತಿಮವಾಗಿ ಉಳಿಯುವುದು ‘ಮಗುವಿನ ಆಹಾರ ವೈವಿಧ್ಯ’. ಹಿಂದಿನ ದಿನ ಹಗಲು ರಾತ್ರಿ ಮಗು ತಿಂದದ್ದನ್ನೆಲ್ಲ ತಾಯಿಯಿಂದ ಕೇಳಿ ಎಂಟು ಗುಂಪುಗಳಲ್ಲಿ ಎಣಿಸುವ ಅಂಕ ಇದು. 6ರಿಂದ 23 ತಿಂಗಳ ಮಗುವಿಗೆ ಅವುಗಳಲ್ಲಿ ಕನಿಷ್ಠ ಐದು ಸಿಕ್ಕಿರಬೇಕು ಎಂಬುದು ಈಗಿನ ಅಂತಾರಾಷ್ಟ್ರೀಯ ಸೂಚಕ. ಎದೆಹಾಲು ಒಂದು ಗುಂಪು, ರಾಗಿ ಸರಿ ಧಾನ್ಯದ ಗುಂಪು. ಅದರ ಜೊತೆ ಬೇಳೆ ಕಟ್ಟು ಮತ್ತು ಒಂದು ಮೊಟ್ಟೆ ಕೊಟ್ಟರೂ ಅಂಕ ನಾಲ್ಕಕ್ಕೇ ನಿಲ್ಲುತ್ತದೆ. ಹಾಲು, ಮಾಂಸ, ಹಣ್ಣು, ತರಕಾರಿಗಳಲ್ಲಿ ಇನ್ನೊಂದು ಗುಂಪು ಸೇರಬೇಕು.

ಈಗ ಚಿತ್ರ ತಾನಾಗಿ ಒಂದು ತೊಡಕನ್ನು ಹೊರಗೆಡಹುತ್ತದೆ. ನಿನ್ನೆಯ ಊಟ ಇಂದಿನ ಉದ್ದಕ್ಕೆ ಕಾರಣವಾಗಲಾರದು. ಉದ್ದ ಎಂಬುದು ಗರ್ಭದಿಂದ ಇಲ್ಲಿಯವರೆಗಿನ ಒಟ್ಟು ಗಳಿಕೆ. ಎರಡನ್ನೂ ಒಂದೇ ಭೇಟಿಯಲ್ಲಿ ಅಳೆದರೆ ಬಾಣ ಕಾಲದಲ್ಲಿ ಹಿಂದಕ್ಕೆ ಹೋದಂತಾಗುತ್ತದೆ. ಅಷ್ಟೇ ಅಲ್ಲ, ಸಣ್ಣಗಿರುವ ಮಗುವಿಗೆ ಮನೆಯವರು ಬೇರೆ ರೀತಿಯಲ್ಲಿ ಉಣಿಸಬಹುದು. ಆಗ ಬಾಣ ತಿರುಗುಮುರುಗಾಗುತ್ತದೆ. ಒಂದೇ ಬಾರಿ ಸಂಗ್ರಹಿಸಿದ ಮಾಹಿತಿಯಿಂದ ಕಾಲಕ್ರಮದಲ್ಲಿ ನಡೆಯುವ ಮಧ್ಯಸ್ಥಿಕೆಯನ್ನು ಅಂದಾಜಿಸಿದರೆ ಫಲಿತಾಂಶ ದೊಡ್ಡ ಪ್ರಮಾಣದಲ್ಲಿ ವಾಲಬಹುದು ಎಂದು ಸ್ಕಾಟ್ ಮ್ಯಾಕ್ಸ್‌ವೆಲ್ ಮತ್ತು ಡೇವಿಡ್ ಕೋಲ್ 2007ರಲ್ಲಿ ತೋರಿಸಿದ್ದಾರೆ. ಆದ್ದರಿಂದ ವಿದ್ಯಾರ್ಥಿನಿ ಅಧ್ಯಯನದ ವಿನ್ಯಾಸವನ್ನೇ ಬದಲಿಸುತ್ತಾಳೆ. ಮಕ್ಕಳನ್ನು 6ನೇ ತಿಂಗಳಲ್ಲಿ ಸೇರಿಸಿಕೊಂಡು ಆಗಿನ ಉದ್ದವನ್ನು ಬರೆದುಕೊಳ್ಳುತ್ತಾಳೆ. 9, 12 ಮತ್ತು 15ನೇ ತಿಂಗಳಲ್ಲಿ ಆಹಾರದ ಅಂಕ ಕೇಳಿ ಸರಾಸರಿ ಮಾಡುತ್ತಾಳೆ, 18ನೇ ತಿಂಗಳಲ್ಲಿ ಉದ್ದ ಅಳೆಯುತ್ತಾಳೆ. ಪೆಟ್ಟಿಗೆಗಳ ಕೆಳಗೆ ಈ ತಿಂಗಳುಗಳನ್ನೂ ಬರೆಯುತ್ತಾಳೆ. ಒಂದು ಸಮೀಕ್ಷೆಯ ಕೆಲಸ ಒಂದು ವರ್ಷದ ಕ್ಷೇತ್ರಕಾರ್ಯವಾಯಿತು. ಪ್ರಸ್ತಾವನೆಯ ಹಂತದಲ್ಲೇ ಇದು ಗೊತ್ತಾಗುವುದು ಚಿತ್ರದಿಂದ ಸಿಗುವ ದೊಡ್ಡ ಲಾಭ. ಮಾಹಿತಿ ಸಂಗ್ರಹ ಮುಗಿದ ಮೇಲೆ ಗೊತ್ತಾದರೆ ಮಾಡಲು ಏನೂ ಉಳಿದಿರುವುದಿಲ್ಲ.

ಸಮಾನ ಕಾರಣಗಳು

ಮೂರು ಪೆಟ್ಟಿಗೆ ಸರಿಹೋದರೂ ಚಿತ್ರ ಮುಗಿಯಲಿಲ್ಲ. ಎರಡು ಚಲಕಗಳು ಒಟ್ಟಿಗೆ ಏರಿಳಿಯುವುದಕ್ಕೆ ಅವೆರಡರ ಹಿಂದಿರುವ ಮೂರನೆಯದೊಂದು ಕಾರಣವಾಗಿರಬಹುದು. ಅಂಥ ಸಮಾನ ಕಾರಣ ಚಿತ್ರದಲ್ಲಿ ಇಲ್ಲದಿದ್ದರೆ ಅದು ಲೋಕದಲ್ಲೂ ಇಲ್ಲ ಎಂದು ವಿದ್ಯಾರ್ಥಿನಿ ಹೇಳಿದಂತಾಗುತ್ತದೆ.

ಮನೆಯ ಸಿರಿತನವನ್ನೇ ತೆಗೆದುಕೊಳ್ಳಿ. ಬಹುತೇಕ ಪ್ರಸ್ತಾವನೆಗಳಲ್ಲಿ ಅದನ್ನು ‘ನಿಯಂತ್ರಣ ಚಲಕ’ ಎಂದು ಮೂಲೆಯಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ಆದರೆ ಇಲ್ಲಿ ಎರಡು ಸಿರಿತನಗಳಿವೆ. ತಾಯಿ ಹುಟ್ಟಿ ಬೆಳೆದ ತವರಿನ ಸ್ಥಿತಿ ಅವಳು ಎಷ್ಟು ಓದಿದಳು ಎಂಬುದನ್ನೂ ಅವಳ ಸ್ವಂತ ಎತ್ತರವನ್ನೂ, ಅದರ ಮೂಲಕ ಮಗುವಿನ ಉದ್ದವನ್ನೂ ನಿರ್ಧರಿಸುತ್ತದೆ. ಅದು ಶಾಲೆಗಿಂತ ಮೊದಲಿನದು, ಹಾಗಾಗಿ ಸಮಾನ ಕಾರಣ. ಲೆಕ್ಕದಲ್ಲಿ ಅದನ್ನು ಸೇರಿಸಲೇಬೇಕು. ಈಗಿನ ಗಂಡನ ಮನೆಯ ಸಿರಿತನದ ಮಾತು ಬೇರೆ. ಹೆಚ್ಚು ಓದಿದ ಹುಡುಗಿಯನ್ನು ಅನುಕೂಲಸ್ಥರ ಮನೆಗೆ ಕೊಡುವುದುಂಟು, ಅವಳೇ ಸಂಪಾದಿಸುವುದೂ ಉಂಟು. ಅದು ಶಿಕ್ಷಣದ ನಂತರ ಬರುವುದು, ಆದ್ದರಿಂದ ಒಂದು ಮಟ್ಟಿಗೆ ಶಿಕ್ಷಣದ್ದೇ ಫಲ. ಅದನ್ನು ಕಣ್ಣುಮುಚ್ಚಿ ನಿಯಂತ್ರಿಸಿದರೆ ಶಿಕ್ಷಣದ ಪರಿಣಾಮದ ಒಂದು ಪಾಲನ್ನು ನಾವೇ ಕತ್ತರಿಸಿ ಎಸೆದಂತೆ. ಸೀಜರ್ ವಿಕ್ಟೋರಾ ಮತ್ತು ಸಂಗಡಿಗರು 1997ರಲ್ಲಿ ಪರಿಕಲ್ಪನಾ ಚೌಕಟ್ಟನ್ನು ಹಂತ ಹಂತವಾಗಿ ಬಳಸಬೇಕು ಎಂದು ಬರೆದದ್ದು ಈ ತಪ್ಪನ್ನು ತಡೆಯಲು. ಎಲ್ಲ ಚಲಕಗಳನ್ನೂ ಒಂದೇ ಸಮೀಕರಣಕ್ಕೆ ಸುರಿದರೆ ದೂರದ ಕಾರಣಗಳು ನಿಷ್ಪ್ರಯೋಜಕವಾಗಿ ಕಾಣುತ್ತವೆ, ಏಕೆಂದರೆ ಅವುಗಳ ಕೆಲಸವನ್ನೆಲ್ಲ ಹತ್ತಿರದ ಕಾರಣಗಳು ಹೊತ್ತುಕೊಂಡಿರುತ್ತವೆ.

ಇನ್ನೊಂದು ಬಗೆಯ ಸಮಾನ ಕಾರಣ ಮಧ್ಯವರ್ತಿ ಮತ್ತು ಫಲಿತಾಂಶದ ನಡುವೆ ಇರುತ್ತದೆ. ಅಂಗನವಾಡಿ ಹತ್ತಿರವಿದ್ದು ಚೆನ್ನಾಗಿ ನಡೆಯುತ್ತಿದ್ದರೆ ಮಗುವಿನ ಆಹಾರವೂ ಸುಧಾರಿಸಬಹುದು, ತೂಕ ನೋಡುವುದು, ಲಸಿಕೆ, ಸಲಹೆಗಳ ಮೂಲಕ ಬೆಳವಣಿಗೆಯೂ ಸುಧಾರಿಸಬಹುದು. ಇದನ್ನು ಬಿಟ್ಟರೆ ಅಂಗನವಾಡಿಯ ಫಲ ಆಹಾರದ ಖಾತೆಗೆ ಜಮೆಯಾಗುತ್ತದೆ. ಸ್ವತಂತ್ರ ಚಲಕವನ್ನು ಚೀಟಿ ಎತ್ತಿ ಹಂಚುವ ಪ್ರಯೋಗಗಳಲ್ಲೂ ಈ ಅಪಾಯ ತಪ್ಪುವುದಿಲ್ಲ. ಚೀಟಿ ಹಂಚಿದ್ದು ಮೊದಲನೆಯ ಚಲಕವನ್ನು ಮಾತ್ರ, ಮಧ್ಯವರ್ತಿಯನ್ನಲ್ಲ.

ಎಲ್ಲಕ್ಕಿಂತ ಕಷ್ಟದ್ದು ಅತಿಸಾರದಂಥ ಕಾಯಿಲೆ. ಓದಿದ ತಾಯಿ ಕೈತೊಳೆಯುವ, ನೀರು ಕುದಿಸುವ ಅಭ್ಯಾಸ ಇಟ್ಟುಕೊಂಡರೆ ಮಗುವಿಗೆ ಅತಿಸಾರ ಕಡಿಮೆಯಾಗುತ್ತದೆ. ಅತಿಸಾರವಾದಾಗ ಮಗು ಊಟ ಬಿಡುತ್ತದೆ, ಜೊತೆಗೆ ಬೆಳವಣಿಗೆಯೂ ಕುಗ್ಗುತ್ತದೆ. ಅಂದರೆ ಕಾಯಿಲೆ ಆಹಾರಕ್ಕೂ ಉದ್ದಕ್ಕೂ ಸಮಾನ ಕಾರಣ, ಅದೇ ಹೊತ್ತಿಗೆ ಶಿಕ್ಷಣದ ಫಲವೂ ಹೌದು. ಅದನ್ನು ಸಮೀಕರಣದಲ್ಲಿ ಸೇರಿಸಿದರೆ ಶಿಕ್ಷಣದ ಒಂದು ದಾರಿ ಮುಚ್ಚುತ್ತದೆ, ಬಿಟ್ಟರೆ ಆಹಾರದ ಪರಿಣಾಮ ತಪ್ಪಾಗುತ್ತದೆ. ಸಾಮಾನ್ಯ ರಿಗ್ರೆಶನ್‌ನಿಂದ ಇದಕ್ಕೆ ಪರಿಹಾರವಿಲ್ಲ. 1992ರಲ್ಲಿ ಜೇಮ್ಸ್ ರಾಬಿನ್ಸ್ ಮತ್ತು ಸ್ಯಾಂಡರ್ ಗ್ರೀನ್‌ಲ್ಯಾಂಡ್, 2001ರಲ್ಲಿ ಜೂಡಿಯಾ ಪರ್ಲ್ ಬೆಳೆಸಿದ ಕಾರಣಾನುಮಾನದ ಚರ್ಚೆಯಲ್ಲಿ ಇಂಥ ಸನ್ನಿವೇಶಗಳಿಗೆ ಮುಖ್ಯ ಸ್ಥಾನವಿದೆ, ಅಲ್ಲಿಂದ ಮುಂದೆ ಬೇರೆ ವಿಧಾನಗಳೂ ಹುಟ್ಟಿವೆ. ವಿದ್ಯಾರ್ಥಿನಿಗೆ ಇರುವ ಪ್ರಾಮಾಣಿಕ ದಾರಿ ಎಂದರೆ ಕಾಯಿಲೆಯ ಪೆಟ್ಟಿಗೆಯನ್ನು ಮುಚ್ಚಿಡದೆ ಬರೆಯುವುದು. ಆಮೇಲೆ ಕಾಯಿಲೆ ಮತ್ತು ಆಹಾರ ಎರಡನ್ನೂ ಒಂದೇ ಮಧ್ಯವರ್ತಿ ಗುಂಪಾಗಿ ನೋಡಿ ಅವುಗಳ ಒಟ್ಟು ಪಾಲನ್ನು ಮಾತ್ರ ಹೇಳಬಹುದು, ಇಲ್ಲವೇ ಆ ವಿಶೇಷ ವಿಧಾನಗಳನ್ನು ಕಲಿತು ಬಳಸಬಹುದು. ಸರಳವಾದ ಚಿತ್ರ ಬೇಕೆಂದು ಇಂಥ ಪೆಟ್ಟಿಗೆಯನ್ನು ಕೈಬಿಡುವುದು ಪ್ರಸ್ತಾವನೆಗೆ ಆಗುವ ಅತಿ ದೊಡ್ಡ ಹಾನಿ ಎಂಬುದು ಈ ಲೇಖಕನ ಅಭಿಪ್ರಾಯ.

ಬಾಣಗಳಿಂದ ಲೆಕ್ಕಕ್ಕೆ

ಚಿತ್ರ ಸರಿಯಿದೆಯೇ ಎಂದು ತಿಳಿಯಲು ಅದನ್ನು ಸಮೀಕರಣವಾಗಿ ಬರೆದು ನೋಡಬೇಕು. ಬಾಣದ ತುದಿ ತಾಗಿರುವ ಪ್ರತಿಯೊಂದು ಪೆಟ್ಟಿಗೆಗೂ ಒಂದು ಸಾಲು ಬರುತ್ತದೆ, ಆ ಪೆಟ್ಟಿಗೆಗೆ ಬರುವ ಪ್ರತಿಯೊಂದು ಬಾಣಕ್ಕೂ ಆ ಸಾಲಿನಲ್ಲಿ ಒಂದು ಪದ ಇರುತ್ತದೆ. ಕಾಯಿಲೆಯನ್ನು ಸದ್ಯಕ್ಕೆ ಬದಿಗಿಟ್ಟು, ಶಿಕ್ಷಣವನ್ನು X, ಆಹಾರ ವೈವಿಧ್ಯವನ್ನು M, ಉದ್ದದ ಅಂಕವನ್ನು Y, ತವರಿನ ಸ್ಥಿತಿಯನ್ನು C, ಅಂಗನವಾಡಿ ಸೇವೆಯನ್ನು U ಎಂದಿಟ್ಟುಕೊಂಡರೆ R ತಂತ್ರಾಂಶದ lavaan ಪ್ಯಾಕೇಜಿನಲ್ಲಿ ಅದು ಹೀಗಾಗುತ್ತದೆ.

```
X ~ C
M ~ a*X + C + U
Y ~ b*M + cp*X + C + U
ind := a*b
total := cp + a*b
```

ಲೆಕ್ಕದ ಬಗೆ ತಿಳಿಯಲು ಕೆಲವು ಕಾಲ್ಪನಿಕ ಅಂಕಿಗಳನ್ನು ಇಟ್ಟುಕೊಳ್ಳೋಣ. ತಾಯಿ ಒಂದು ತರಗತಿ ಹೆಚ್ಚು ಓದಿದ್ದರೆ ಮಗುವಿನ ಆಹಾರದ ಅಂಕ 0.2ರಷ್ಟು ಹೆಚ್ಚುತ್ತದೆ ಎಂದುಕೊಂಡರೆ a ಬಾಣದ ಬೆಲೆ 0.2. ಆಹಾರದ ಒಂದು ಗುಂಪು ಹೆಚ್ಚಾದರೆ ಉದ್ದದ Z ಅಂಕ 0.15ರಷ್ಟು ಹೆಚ್ಚುತ್ತದೆ ಎಂದರೆ b ಬಾಣದ ಬೆಲೆ 0.15. ಎರಡನ್ನೂ ಗುಣಿಸಿದರೆ ಬರುವ 0.03 ಪರೋಕ್ಷ ಪರಿಣಾಮ, ಅಂದರೆ ಒಂದು ತರಗತಿಯ ಓದು ಆಹಾರದ ಮೂಲಕ ಮಗುವಿಗೆ ತಲುಪಿಸುವ ಪಾಲು. ಏನೂ ಓದದ ತಾಯಿಗೂ ಹತ್ತನೇ ತರಗತಿ ಮುಗಿಸಿದ ತಾಯಿಗೂ ಈ ದಾರಿಯಲ್ಲಿ ಬರುವ ವ್ಯತ್ಯಾಸ 0.3 Z. 18 ತಿಂಗಳ ಮಗುವಿನಲ್ಲಿ ಅದು ಸುಮಾರು 0.8 ಸೆಂಟಿಮೀಟರ್. ನೇರ ಬಾಣದ ಬೆಲೆ 0.02 ಇದ್ದರೆ ಒಟ್ಟು ಪರಿಣಾಮ 0.05.

ಈ ನೇರ ಬಾಣವನ್ನು ಚಿತ್ರದಿಂದ ಬಿಡುವವರು ಬಹಳ ಮಂದಿ. ಶಿಕ್ಷಣದ ಫಲವೆಲ್ಲ ಆಹಾರದ ಮೂಲಕವೇ ಹರಿಯುತ್ತದೆ, ಬೇರೆ ಒಂದು ದಾರಿಯೂ ಇಲ್ಲ ಎಂದು ಖಚಿತವಾಗಿ ಹೇಳಬಲ್ಲವರು ಮಾತ್ರ ಅದನ್ನು ಬಿಡಬಹುದು. ಇಲ್ಲಿ ಅದನ್ನು ಹೇಳಲು ಸಾಧ್ಯವಿಲ್ಲ. ಲಸಿಕೆ, ಶುಚಿತ್ವ, ಹೆರಿಗೆಗಳ ನಡುವಿನ ಅಂತರ ಎಲ್ಲವೂ ಆ ನೇರ ಬಾಣದೊಳಗೆ ಅಡಗಿವೆ. ಹೆಸರಿನಲ್ಲಿ ‘ನೇರ’ ಎಂದಿದ್ದರೂ ಅದು ನಾವು ಅಳೆಯದ ದಾರಿಗಳ ಮೊತ್ತ.

ಪ್ರಾಕ್ಕಲ್ಪನೆಗಳೂ ಈ ಬಾಣಗಳಿಂದಲೇ ಹುಟ್ಟಬೇಕು. ಚಿತ್ರದಲ್ಲಿ ಮಧ್ಯವರ್ತಿ ಇದ್ದು, ಪಟ್ಟಿಯಲ್ಲಿ ‘ಶಿಕ್ಷಣಕ್ಕೂ ಬೆಳವಣಿಗೆಗೂ ಸಂಬಂಧವಿದೆ’ ಎಂಬ ಒಂದೇ ಪ್ರಾಕ್ಕಲ್ಪನೆ ಇದ್ದರೆ ಎರಡರಲ್ಲಿ ಒಂದು ಸುಳ್ಳು. ‘ತಾಯಿಯ ಶಿಕ್ಷಣ ಮಗುವಿನ ಆಹಾರ ವೈವಿಧ್ಯದ ಮೂಲಕ 18ನೇ ತಿಂಗಳ ಉದ್ದದ ಅಂಕವನ್ನು ಹೆಚ್ಚಿಸುತ್ತದೆ’ ಎಂಬ, ಗುಣಲಬ್ಧವನ್ನು ಪರೀಕ್ಷಿಸುವ ಹೇಳಿಕೆ ಅಲ್ಲಿ ಇರಲೇಬೇಕು.

ಪರೀಕ್ಷೆಯ ವಿಧಾನದಲ್ಲೂ ಕಾಲ ಬದಲಾಗಿದೆ. ರೂಬೆನ್ ಬ್ಯಾರನ್ ಮತ್ತು ಡೇವಿಡ್ ಕೆನ್ನಿ 1986ರಲ್ಲಿ ಮನೋವಿಜ್ಞಾನದ ಪತ್ರಿಕೆಯೊಂದರಲ್ಲಿ ಕೊಟ್ಟ ಹಂತ ಹಂತದ ಪರೀಕ್ಷೆ ದಶಕಗಳ ಕಾಲ ಎಲ್ಲ ಕಡೆ ಬಳಕೆಯಲ್ಲಿತ್ತು. ಮೊದಲು X ಮತ್ತು Y ನಡುವೆ ಗಣನೀಯ ಸಂಬಂಧ ಕಾಣಬೇಕು, ಆಮೇಲೆ ಒಂದೊಂದೇ ಬಾಣ ಗಣನೀಯವಾಗಬೇಕು ಎಂಬುದು ಅದರ ಕ್ರಮ. ಅದರ ದೌರ್ಬಲ್ಯ ಎಷ್ಟೆಂಬುದನ್ನು ಮ್ಯಾಥ್ಯೂ ಫ್ರಿಟ್ಜ್ ಮತ್ತು ಡೇವಿಡ್ ಮೆಕಿನನ್ 2007ರಲ್ಲಿ ಲೆಕ್ಕ ಹಾಕಿದರು. ಎರಡೂ ಬಾಣಗಳು ಸಣ್ಣವಾಗಿದ್ದು ನೇರ ಪರಿಣಾಮ ಇಲ್ಲದಾಗ, ಆ ಹಂತಗಳ ಪರೀಕ್ಷೆಯಿಂದ 80% ಸಂಭವನೀಯತೆಯಲ್ಲಿ ಮಧ್ಯಸ್ಥಿಕೆಯನ್ನು ಹಿಡಿಯಲು 20,886 ಜನರ ಸ್ಯಾಂಪಲ್ ಬೇಕಾಗುತ್ತದೆ. ಗುಣಲಬ್ಧವನ್ನೇ ನೇರವಾಗಿ ಪರೀಕ್ಷಿಸುವ ಬೂಟ್‌ಸ್ಟ್ರಾಪ್ ವಿಧಾನದ ಒಂದು ರೂಪಕ್ಕೆ 462 ಜನ ಸಾಕು. ಬೂಟ್‌ಸ್ಟ್ರಾಪ್ ಎಂದರೆ ಸಿಕ್ಕ ಮಾಹಿತಿಯಿಂದಲೇ ಸಾವಿರಾರು ಬಾರಿ ಮರು-ಸ್ಯಾಂಪಲ್ ತೆಗೆದು, ಪ್ರತಿ ಸಲವೂ ಗುಣಲಬ್ಧ ಎಷ್ಟೆಂದು ನೋಡುವುದು. ಅದರ ವಿಶ್ವಾಸಾಂತರದಲ್ಲಿ ಸೊನ್ನೆ ಸೇರಿಲ್ಲದಿದ್ದರೆ ಪರೋಕ್ಷ ಪರಿಣಾಮ ಇದೆ ಎನ್ನಬಹುದು. ನೂರಿಪ್ಪತ್ತು ತಾಯಂದಿರ ಸ್ಯಾಂಪಲ್ ಇಟ್ಟುಕೊಂಡು ನಾಲ್ಕು ಮಧ್ಯವರ್ತಿಗಳನ್ನು ಬರೆಯುವ ಪ್ರಸ್ತಾವನೆಗೆ ಈ ಅಂಕಿಗಳೇ ಉತ್ತರ.

ಬಾಣದ ಮೇಲೆ ಬಾಣ

ಮಧ್ಯವರ್ತಿಯ ಜೊತೆ ಸದಾ ಕಲಸಿಹೋಗುವ ಇನ್ನೊಂದು ಚಲಕ ಮಾಡರೇಟರ್. ಪರಿಣಾಮ ಹೇಗೆ ದಾಟುತ್ತದೆ ಎಂಬುದಕ್ಕೆ ಮಧ್ಯವರ್ತಿ ಉತ್ತರ ಕೊಟ್ಟರೆ, ಯಾರಲ್ಲಿ ಅಥವಾ ಯಾವ ಸ್ಥಿತಿಯಲ್ಲಿ ಅದು ಹೆಚ್ಚು ಕಡಿಮೆಯಾಗುತ್ತದೆ ಎಂಬುದಕ್ಕೆ ಮಾಡರೇಟರ್ ಉತ್ತರ ಕೊಡುತ್ತದೆ. ಅತ್ತೆ ಜೊತೆಗಿರುವ ಮನೆಯಲ್ಲಿ ಓದಿದ ಸೊಸೆಗೂ ಮಗುವಿನ ಊಟದ ಬಗ್ಗೆ ನಿರ್ಧರಿಸುವ ಅವಕಾಶ ಕಡಿಮೆ ಇದ್ದರೆ, ಶಿಕ್ಷಣದಿಂದ ಆಹಾರಕ್ಕೆ ಹೋಗುವ ಬಾಣ ಅಲ್ಲಿ ತೆಳುವಾಗುತ್ತದೆ. ಚಿತ್ರದಲ್ಲಿ ‘ಕುಟುಂಬದ ಬಗೆ’ ಎಂಬ ಪೆಟ್ಟಿಗೆಯಿಂದ ಹೊರಟ ಬಾಣ ಯಾವ ಪೆಟ್ಟಿಗೆಯನ್ನೂ ಮುಟ್ಟದೆ ಆ a ಬಾಣದ ನಡುವನ್ನು ಮುಟ್ಟಬೇಕು. ಸಮೀಕರಣದಲ್ಲಿ ಅದು ಎರಡು ಚಲಕಗಳ ಗುಣಲಬ್ಧದ ಪದವಾಗಿ ಬರುತ್ತದೆ, ಜೊತೆಗೆ ಕುಟುಂಬದ ಬಗೆಯ ಸ್ವಂತ ಪದವೂ ಇರಬೇಕು. ವಯಸ್ಸು, ಧರ್ಮ, ವಾಸಸ್ಥಳಗಳನ್ನೆಲ್ಲ ಒಂದು ಚುಕ್ಕೆಗೆರೆಯ ಪೆಟ್ಟಿಗೆಗೆ ತುಂಬಿ ಅದರಿಂದ ಚಿತ್ರದ ನಡುವೆ ಎಲ್ಲೋ ಒಂದು ಬಾಣ ಬಿಡುವುದು ರೂಢಿಯಾಗಿದೆ. ಆ ಬಾಣಕ್ಕೆ ಅರ್ಥವಿಲ್ಲ. ಅದು ಯಾವುದನ್ನು ಮುಟ್ಟುತ್ತದೆ ಎಂಬುದೇ ಓದುವವರಿಗೆ ತಿಳಿಯದು.

ಕಾಗದದ ಮೇಲೆ

ಎಡದಿಂದ ಬಲಕ್ಕೆ ಕಾಲ ಹರಿಯುವಂತೆ ಜೋಡಿಸುವುದು ಒಳ್ಳೆಯ ರೂಢಿ. ನೇರವಾಗಿ ಅಳೆದದ್ದಕ್ಕೆ ಆಯತ, ಹಲವು ಪ್ರಶ್ನೆಗಳಿಂದ ಊಹಿಸಿಕೊಳ್ಳುವ ಗುಪ್ತ ಚಲಕಕ್ಕೆ ಅಂಡಾಕಾರ. ಮಹತ್ವದ್ದಾದರೂ ಅಳೆಯಲಾಗದ ಕಾರಣವಿದ್ದರೆ ಅದನ್ನು ಚುಕ್ಕೆಗೆರೆಯಲ್ಲಿ ಬರೆದು ಚಿತ್ರದ ಕೆಳಗಿನ ವಿವರಣೆಯಲ್ಲಿ ಹೇಳಬೇಕು. ಬಣ್ಣಗಳನ್ನು ನಂಬಬಾರದು, ಏಕೆಂದರೆ ಪ್ರಸ್ತಾವನೆಯ ಪ್ರತಿಗಳು ಬಹಳ ಸಲ ಕಪ್ಪುಬಿಳುಪಿನ ಜೆರಾಕ್ಸ್‌ನಲ್ಲಿ ಸಮಿತಿಯ ಕೈಸೇರುತ್ತವೆ.

ವರ್ಡ್‌ನಲ್ಲಿ ಬಿಡಿ ಗೆರೆಗಳಿಂದ ಎಳೆದ ಬಾಣ ಪುಟ ಸರಿದಾಗ ಪೆಟ್ಟಿಗೆಯಿಂದ ಕಳಚಿ ಬೇರೆಲ್ಲೋ ನಿಲ್ಲುತ್ತದೆ. ಪೆಟ್ಟಿಗೆಗೆ ಅಂಟಿಕೊಳ್ಳುವ ಕನೆಕ್ಟರ್ ಬಳಸಿ, ಮುಗಿದ ಮೇಲೆ ಎಲ್ಲವನ್ನೂ ಒಂದು ಗುಂಪಾಗಿ ಕಟ್ಟಬೇಕು. ಉಚಿತವಾಗಿ ಸಿಗುವ draw.io ಇದಕ್ಕಿಂತ ಸುಲಭ. ಕನ್ನಡದಲ್ಲಿ ಪ್ರಬಂಧ ಬರೆಯುವವರು ಒಂದು ವಿಷಯ ಗಮನಿಸಬೇಕು. ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಅಕ್ಷರಗಳನ್ನು ಇಂಥ ತಂತ್ರಾಂಶಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಪಠ್ಯವನ್ನು ಮೊದಲೇ ಯೂನಿಕೋಡ್‌ಗೆ ಬದಲಿಸಿಕೊಂಡರೆ ಸಮಸ್ಯೆಯಿಲ್ಲ. ಕೈಯಲ್ಲಿ ಎಳೆಯುವ ಬದಲು ಬಾಣಗಳ ಪಟ್ಟಿ ಕೊಟ್ಟು ಚಿತ್ರ ಪಡೆಯಬಯಸುವವರಿಗೆ Graphviz ಇದೆ. ಮೇಲಿನ ಉದಾಹರಣೆ ಅದರಲ್ಲಿ ಇಷ್ಟೇ.

```
digraph {
  rankdir=LR; node [shape=box];
  X -> M -> Y; X -> Y;
  C -> X; C -> M; C -> Y;
  U -> M; U -> Y;
}
```

ಈ ಪಟ್ಟಿಯಲ್ಲಿ U ಇಂದ X ಕಡೆಗೆ ಬಾಣವಿಲ್ಲ. ಇಂದಿನ ಅಂಗನವಾಡಿ ತಾಯಿಯ ಹಿಂದಿನ ಓದನ್ನು ಬದಲಿಸಲಾರದು ಎಂಬುದು ಅದಕ್ಕೆ ಕಾರಣ. X ಇಂದ U ಕಡೆಗೂ ಬಾಣವಿಲ್ಲ. ಇದನ್ನು ಒಪ್ಪುವುದು ಅಷ್ಟು ಸುಲಭವಲ್ಲ. ಓದಿದ ತಾಯಿ ಅಂಗನವಾಡಿಗೆ ಹೆಚ್ಚು ಹೋಗಬಹುದು, ಜಗಳವಾಡಿಯಾದರೂ ಸೇವೆ ಪಡೆಯಬಹುದು. U ಎಂದರೆ ಊರಿನಲ್ಲಿ ಸೇವೆ ಲಭ್ಯವಿರುವುದು ಎಂದಾದರೆ ಬಾಣ ಬಿಡಬಹುದು, ತಾಯಿ ಅದನ್ನು ಬಳಸಿಕೊಂಡದ್ದು ಎಂದಾದರೆ ಬಾಣ ಎಳೆಯಲೇಬೇಕು. ಎಳೆದರೆ ಅಂಗನವಾಡಿಯೂ ಅತಿಸಾರದ ಸಾಲಿಗೇ ಸೇರುತ್ತದೆ. ಇಲ್ಲದ ಒಂದು ಬಾಣದ ಬಗ್ಗೆ ಹೀಗೆ ಎರಡು ವಾಕ್ಯ ಬರೆದರೆ ಸಮಿತಿಯ ಮುಂದೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ಅಲ್ಲೇ ಉತ್ತರ ಸಿಗುತ್ತದೆ.

ಮಿತಿಗಳು

ಈ ಬಗೆಯ ಚಿತ್ರದಲ್ಲಿ ಬಾಣಗಳು ಹಿಂದಕ್ಕೆ ಸುತ್ತಿ ಬರುವಂತಿಲ್ಲ. ಅಪೌಷ್ಟಿಕತೆ ಕಾಯಿಲೆ ತರುತ್ತದೆ, ಕಾಯಿಲೆ ಮತ್ತೆ ಅಪೌಷ್ಟಿಕತೆ ತರುತ್ತದೆ ಎಂಬಂಥ ಸುತ್ತನ್ನು ತೋರಿಸಬೇಕಾದರೆ ಒಂದೇ ಚಲಕವನ್ನು ಬೇರೆ ಬೇರೆ ತಿಂಗಳ ಪೆಟ್ಟಿಗೆಗಳಾಗಿ ಬಿಡಿಸಬೇಕು. ಜನರ ಅನುಭವವನ್ನು ಅವರ ಮಾತಿನಲ್ಲೇ ಅರಿಯಲು ಹೊರಟ ಗುಣಾತ್ಮಕ ಅಧ್ಯಯನಗಳಿಗೆ ಸ್ವತಂತ್ರ, ಮಧ್ಯವರ್ತಿ ಎಂಬ ವಿಂಗಡಣೆಯನ್ನು ಹೇರಬಾರದು. ನಮೂನೆಯಲ್ಲಿ ಕೇಳಿದ್ದಾರೆಂದು ಅಂಥ ಪ್ರಸ್ತಾವನೆಗಳಲ್ಲೂ ಮೂರು ಪೆಟ್ಟಿಗೆ ಬರೆಸುವುದು ತಪ್ಪು. ಅಂಕಿಗಳು ಚಿತ್ರಕ್ಕೆ ಹೊಂದಿಕೊಂಡವು ಎಂದ ಮಾತ್ರಕ್ಕೆ ಚಿತ್ರ ನಿಜವೂ ಆಗುವುದಿಲ್ಲ. ಅದೇ ಮಾಹಿತಿಗೆ ಅಷ್ಟೇ ಚೆನ್ನಾಗಿ ಹೊಂದುವ, ಬಾಣಗಳನ್ನು ತಿರುಗಿಸಿದ ಬೇರೆ ಚಿತ್ರಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ.

ಮಾಹಿತಿ ಸಂಗ್ರಹಿಸಿದ ಮೇಲೆ ಗಣನೀಯವಾಗಿ ಬಂದ ಸಂಬಂಧಗಳಿಗೆ ತಕ್ಕಂತೆ ಚಿತ್ರವನ್ನು ಮರಳಿ ಎಳೆಯುವವರಿದ್ದಾರೆ. ಹಾಗೆ ಮಾಡಿದರೆ ಪರೀಕ್ಷೆ ಪರೀಕ್ಷೆಯಾಗಿ ಉಳಿಯುವುದಿಲ್ಲ. ಪ್ರಸ್ತಾವನೆ ಒಪ್ಪಿಗೆಯಾದ ದಿನದ ಚಿತ್ರವನ್ನು ದಿನಾಂಕ ಹಾಕಿ ಇಟ್ಟುಕೊಳ್ಳಿ. ಆಮೇಲೆ ಬದಲಿಸಬೇಕಾಗಿ ಬಂದರೆ ಎರಡೂ ಚಿತ್ರಗಳನ್ನು ಪ್ರಬಂಧದಲ್ಲಿ ಕೊಟ್ಟು, ಯಾವ ಬಾಣವನ್ನು ಯಾಕೆ ಬದಲಿಸಿದಿರಿ ಎಂದು ಬರೆಯಿರಿ.